ಮಾರ್ಗದರ್ಶಕರಿಗೆ ಬರೆಯಬೇಕಾದ ಮಿಂಚಂಚೆ

ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1991ರಲ್ಲಿ ಸ್ಥಾಪಿತವಾದಂದಿನಿಂದ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಬಯಲುಸೀಮೆಯ ತರುಣ ತರುಣಿಯರಿಗೆ, ತಮ್ಮ ಊರಿನ ದೇವರನ್ನು, ತಮ್ಮ ಹಟ್ಟಿಯ ಹಾಡನ್ನು, ತಮ್ಮ ಮಾತಿನಲ್ಲಿಯೇ ಸಂಶೋಧನೆಯ ವಿಷಯವಾಗಿ ಎತ್ತಿಕೊಳ್ಳುವ ಸುಯೋಗವು ಮನೆಯ ಸಮೀಪದಲ್ಲಿಯೇ ಒದಗಿಬಂದಿದೆ. ಆದರೆ ಕ್ಷೇತ್ರಕಾರ್ಯವು ಹಳ್ಳಿಯಲ್ಲಿ, ಮಾರ್ಗದರ್ಶಕರು ವಿಶ್ವವಿದ್ಯಾಲಯದ ವಿದ್ಯಾರಣ್ಯ ಆವರಣದಲ್ಲಿ. ಕಾನಹೊಸಹಳ್ಳಿಯಲ್ಲಿ ಬಸ್ಸು ಹತ್ತಿ ಕೂಡ್ಲಿಗಿ, ಹೊಸಪೇಟೆಗಳನ್ನು ದಾಟಿ ವಾರಕ್ಕೊಮ್ಮೆ ಅವರನ್ನು ಕಂಡುಬರುವ ನಿಯಮವು ಒಂದಲ್ಲ ಒಂದು ದಿನ ತಪ್ಪಿಯೇ ತಪ್ಪುವುದು. ಹಾಗೆ ತಪ್ಪಿದ ದಿನದ ಮರುದಿನ ಬರೆಯಬೇಕಾದ ಪತ್ರವನ್ನು ಬರೆಯಲು ನಮ್ಮ ವಿದ್ಯಾರ್ಥಿಗಳು ಅಂಜುತ್ತಾರೆ. ಅಧ್ಯಾಯವನ್ನು ಮುಗಿಸಿಕೊಂಡೇ ಮುಖ ತೋರಿಸೋಣವೆಂದು ಸುಮ್ಮನಾಗುತ್ತಾರೆ. ಒಂದು ವಾರದ ಮೌನವು ಮೂರು ತಿಂಗಳ ಮೌನವಾಗಿ ಬೆಳೆಯುತ್ತದೆ. ಪ್ರಬಂಧಗಳು ಅರ್ಧಕ್ಕೆ ನಿಲ್ಲುವುದಕ್ಕೆ ಬುದ್ಧಿಯ ಕೊರತೆಗಿಂತ ಈ ಮೌನವೇ ಹೆಚ್ಚಾಗಿ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ.

ನಿದರ್ಶನಕ್ಕಾಗಿ ಕಾನಹೊಸಹಳ್ಳಿಯ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಮ್ಯಾಸಬೇಡರ ದೇವರ ಎತ್ತುಗಳನ್ನೂ ಅವುಗಳನ್ನು ಕಾಯುವ ಕಿಲಾರಿಗಳನ್ನೂ ಕುರಿತ ಹಾಡುಗಳು ಆಕೆಯ ಮೂರನೆಯ ಅಧ್ಯಾಯದ ವಸ್ತು. ಅದನ್ನು ಜನವರಿ 31ಕ್ಕೆ ಒಪ್ಪಿಸುವೆನೆಂದು ಮಾತು ಕೊಟ್ಟಿದ್ದಳು, ಒಪ್ಪಿಸಲಾಗಿಲ್ಲ. ಫೆಬ್ರವರಿ 10ರ ಮಂಗಳವಾರದ ಭೇಟಿಗೂ ಹೋಗಲಿಲ್ಲ. ಹಿಂದಿನ ರಾತ್ರಿ ತಾಯಿಗೆ ಜ್ವರವೇರಿ ಕೂಡ್ಲಿಗಿಯ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಬುಧವಾರ ಬೆಳಿಗ್ಗೆ ಆಕೆ ಬರೆಯಬೇಕಾದ ಪತ್ರವು ಯಾವ ರೂಪದಲ್ಲಿರಬೇಕು?

ನಮ್ಮ ಹಿರಿಯರ ಒಕ್ಕಣೆಯಲ್ಲಿ ಪೂಜ್ಯರ ಪಾದಾರವಿಂದಗಳಿಗೆ ನಮಸ್ಕಾರ, ಉಭಯ ಕುಶಲೋಪರಿ, ಮಳೆ ಬೆಳೆಗಳ ಸಮಾಚಾರ, ಇವೆಲ್ಲ ಮುಗಿದ ಮೇಲೆ ವಿಷಯವು ಕಡೆಯ ಸಾಲುಗಳಲ್ಲಿ ಮೈದೋರುತ್ತಿತ್ತು. ಆ ಸೌಜನ್ಯವನ್ನು ನಾನು ಗೌರವಿಸುತ್ತೇನೆ. ಆದರೆ ಮೊಬೈಲಿನಲ್ಲಿ ಪತ್ರಗಳ ಸಾಲನ್ನು ನೋಡುವ ಅಧ್ಯಾಪಕರಿಗೆ ತೆರೆಯುವುದಕ್ಕೆ ಮೊದಲು ಕಾಣುವುದು ವಿಷಯದ ಸಾಲು ಮತ್ತು ಪತ್ರದ ಮೊದಲ ಕೆಲವು ಮಾತುಗಳು ಮಾತ್ರ. ಆದುದರಿಂದ ವಿಷಯದ ಸಾಲಿನಲ್ಲಿ ‘ವಿನಂತಿ’ ಎಂದಷ್ಟೇ ಬರೆಯದೆ ‘ಫೆ. 10ರ ಭೇಟಿ ತಪ್ಪಿದ್ದು. 3ನೇ ಅಧ್ಯಾಯ ಮಾರ್ಚ್ 16ಕ್ಕೆ’ ಎಂದು ಬರೆಯತಕ್ಕದ್ದು. ಅನಂತರ ಪತ್ರ:

“ಗೌರವಾನ್ವಿತ ಸರ್, ನಮಸ್ಕಾರ. ನಿನ್ನೆಯ ಭೇಟಿಗೆ ನಾನು ಬರಲಿಲ್ಲ, ಮುಂಚಿತವಾಗಿ ತಿಳಿಸಲೂ ಇಲ್ಲ, ಕ್ಷಮಿಸಬೇಕು. ಸೋಮವಾರ ರಾತ್ರಿ ತಾಯಿಯವರನ್ನು ಜ್ವರದಿಂದಾಗಿ ಆಸ್ಪತ್ರೆಗೆ ಕರೆದೊಯ್ದಿದ್ದೆ. ಈಗ ಮನೆಗೆ ಬಂದಿದ್ದಾರೆ. ಜನವರಿ 31ಕ್ಕೆ ಕೊಡುವೆನೆಂದಿದ್ದ ಅಧ್ಯಾಯ ಇನ್ನೂ ಸಿದ್ಧವಾಗಿಲ್ಲ. ಅದಕ್ಕೆ ಈ ಜ್ವರ ಕಾರಣವಲ್ಲ, ಧ್ವನಿಮುದ್ರಣಗಳನ್ನು ಬರಹಕ್ಕಿಳಿಸುವ ಕೆಲಸವು ನಾನೆಣಿಸಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತಿದೆ.”

ಇಲ್ಲಿಯ ಕೊನೆಯ ವಾಕ್ಯಕ್ಕೆ ನಾನು ವಿಶೇಷವಾಗಿ ಒತ್ತು ಕೊಡಬಯಸುತ್ತೇನೆ. ಭೇಟಿ ತಪ್ಪಿದ್ದು ಒಂದು ರಾತ್ರಿಯ ಆಕಸ್ಮಿಕ. ಅಧ್ಯಾಯ ತಡವಾದದ್ದು ಹಲವು ವಾರಗಳ ಕಥೆ. ಮೊದಲನೆಯದಕ್ಕೆ ಒಂದೆರಡು ವಾಕ್ಯಗಳು ಸಾಲುವುವು. ಎರಡನೆಯದಕ್ಕೆ ಲೆಕ್ಕ ಬೇಕು. ತಾಯಿಯ ಜ್ವರವನ್ನೇ ಎರಡಕ್ಕೂ ಕಾರಣವಾಗಿ ಹೇಳಿಬಿಟ್ಟರೆ ಮಾರ್ಗದರ್ಶಕರು ಮರುಕಪಟ್ಟು ಸುಮ್ಮನಾದಾರು. ಆದರೆ ಕೆಲಸವು ಎಲ್ಲಿ ಸಿಕ್ಕಿಕೊಂಡಿದೆಯೆಂಬುದು ಅವರಿಗೆ ತಿಳಿಯದೆಯೇ ಉಳಿದು, ಅವರು ಮಾಡಬಹುದಾಗಿದ್ದ ಸಹಾಯವೂ ದೊರೆಯದೆ ಹೋಗುವುದು.

ಲೆಕ್ಕವೆಂದರೆ ಇಂಥದು. ಹಾಡುಗಾರರಿಂದ ಆಕೆ ಮುದ್ರಿಸಿಕೊಂಡದ್ದು 11 ಗಂಟೆ. ಅದರಲ್ಲಿ 4 ಗಂಟೆಯನ್ನು ಬರೆದಿಳಿಸುವುದಕ್ಕೆ ಹಿಡಿದ ಕಾಲ 32 ಗಂಟೆ, ಎಂದರೆ ಒಂದಕ್ಕೆ ಎಂಟರಂತೆ. ಏಕೆಂದರೆ ಮುಮ್ಮೇಳದವರ ಸೊಲ್ಲನ್ನು ಹಿಮ್ಮೇಳದವರು ಮುಗಿಯುವ ಮೊದಲೇ ಎತ್ತಿಕೊಳ್ಳುವುದರಿಂದ ಒಂದೊಂದು ಸಾಲನ್ನೂ ಮತ್ತೆ ಮತ್ತೆ ಕೇಳಬೇಕಾಗುತ್ತದೆ, ಸಂಶಯ ಬಂದಲ್ಲಿ ಹಾಡಿದವರನ್ನೇ ಹೋಗಿ ವಿಚಾರಿಸಬೇಕಾಗುತ್ತದೆ. ಉಳಿದ 7 ಗಂಟೆಗೆ ಇದೇ ವೇಗದಲ್ಲಿ 56 ಗಂಟೆ. ದಿನಕ್ಕೆ 3 ಗಂಟೆಯಂತೆ 19 ದಿನ. ಫೆಬ್ರವರಿ 12ರಂದು ತೊಡಗಿದರೆ ಮಾರ್ಚ್ 2ಕ್ಕೆ ಮುಗಿಯುವುದು. ವಿವೇಚನೆಯನ್ನು ಬರೆಯಲು ಮತ್ತೆರಡು ವಾರ. ಮಾರ್ಚ್ 16 ಎಂಬ ದಿನಾಂಕವು ಹೀಗೆ ಹುಟ್ಟಿದ್ದು. ‘ಬಹುತೇಕ ಮುಗಿದಿದೆ, ಮುಂದಿನ ವಾರ ಕೊಡುತ್ತೇನೆ’ ಎಂಬ ಮಾತು ಬರೆಯುವವರಿಗೆ ಹಿತವಾದದ್ದೇ. ಆದರೆ ಅದರ ಹಿಂದೆ ಇಂಥ ಲೆಕ್ಕವಿಲ್ಲದಿದ್ದರೆ ಎರಡನೆಯ ಕ್ಷಮಾಪಣೆಯ ಪತ್ರಕ್ಕೆ ಅದೇ ಪೀಠಿಕೆಯಾಗುವುದು.

ಈ ಲೆಕ್ಕವನ್ನು ಪತ್ರದಲ್ಲಿ ಮೂರು ನಾಲ್ಕು ಸಾಲುಗಳಲ್ಲಿ ಕಾಣಿಸಿದ ಮೇಲೆ ಒಂದು ಪ್ರಶ್ನೆಯನ್ನು ಕೇಳಬೇಕು, ಮಾರ್ಗದರ್ಶಕರು ಒಂದೇ ಸಾಲಿನಲ್ಲಿ ಉತ್ತರಿಸಬಹುದಾದಂಥ ಪ್ರಶ್ನೆಯನ್ನು: “ಉಳಿದ 7 ಗಂಟೆಯನ್ನೂ ಪೂರ್ತಿಯಾಗಿ ಬರೆದಿಳಿಸಬೇಕೇ, ಅಥವಾ ಎತ್ತುಗಳ ಪ್ರಸ್ತಾಪವಿರುವ ಪದಗಳಷ್ಟೇ ಈ ಅಧ್ಯಾಯಕ್ಕೆ ಸಾಕೇ?” ಅನುಭವಿಗಳಾದ ಗುರುಗಳು ‘ಪದಗಳಷ್ಟೇ ಸಾಕು, ಉಳಿದದ್ದು ಅನುಬಂಧಕ್ಕೆ’ ಎಂದು ಉತ್ತರ ಕೊಟ್ಟರೆ 19 ದಿನದ ಕೆಲಸವು ಅರ್ಧಕ್ಕಿಳಿಯಬಹುದು. ಮೌನದಲ್ಲಿ ಕಳೆದುಹೋಗುವುದು ಇಂಥ ಉತ್ತರಗಳೇ.

ಆಗಿರುವಷ್ಟನ್ನು, ಅದೆಷ್ಟೇ ಒರಟಾಗಿರಲಿ, ಪತ್ರದೊಡನೆ ಲಗತ್ತಿಸಬೇಕು. ಇಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಒಂದು ತೊಡಕುಂಟು. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟಿಲ್ಲದ ಮೊಬೈಲಿನಲ್ಲಿ ತೆರೆದರೆ, ಹಾಡಿನ ಸಾಲುಗಳ ಸ್ಥಳದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಮಾರ್ಗದರ್ಶಕರು ಪ್ರಯಾಣದಲ್ಲಿರುವಾಗ ಅದನ್ನು ತೆರೆದು, ಏನೂ ತಿಳಿಯದೆ ಬದಿಗಿಟ್ಟು ಮರೆತುಬಿಡುವುದು ಸಹಜ. ಆದುದರಿಂದ ಕರಡನ್ನು ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತುಗಳು ಸ್ಥಳ ಬದಲಿಸಿವೆಯೇ ಎಂದು ಓದಿ ನೋಡಿ, ಜೊತೆಗೊಂದು ಪಿಡಿಎಫ್ ಪ್ರತಿಯನ್ನೂ ಕಳುಹಿಸತಕ್ಕದ್ದು. ಕಳುಹಿಸುವುದಕ್ಕೆ ಮೊದಲು ಅದನ್ನು ತನ್ನ ಮೊಬೈಲಿನಲ್ಲಿಯೇ ಒಮ್ಮೆ ತೆರೆದು ನೋಡಿದರೆ ಸಂಶಯವು ಅಲ್ಲಿಯೇ ಪರಿಹಾರವಾಗುವುದು.

ಈ ಪತ್ರಕ್ಕೆ ಸೌಜನ್ಯವನ್ನು ಮೀರಿದ ಒಂದು ಪ್ರಯೋಜನವೂ ಉಂಟು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಪಿಎಚ್.ಡಿ. ನಿಯಮಗಳಂತೆ ಪ್ರತಿಯೊಂದು ಸೆಮಿಸ್ಟರಿನಲ್ಲಿಯೂ ವಿದ್ಯಾರ್ಥಿಯು ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ತನ್ನ ಪ್ರಗತಿಯನ್ನು ನಿರೂಪಿಸಬೇಕು. ಪ್ರಗತಿಯು ತೃಪ್ತಿಕರವಲ್ಲದಿದ್ದರೆ ಸಮಿತಿಯು ಕಾರಣಗಳನ್ನು ದಾಖಲಿಸಿ ತಿದ್ದುಪಡಿಯ ಕ್ರಮಗಳನ್ನು ಸೂಚಿಸುವುದು. ಆ ದಿನ ಸಮಿತಿಯವರೆದುರಿಗೇ ಮಾರ್ಗದರ್ಶಕರಿಗೆ ಮೊದಲ ಬಾರಿಗೆ ವಿಳಂಬದ ವಿಷಯ ತಿಳಿಯಿತೆಂದರೆ, ವಿದ್ಯಾರ್ಥಿಯ ಪಕ್ಷವನ್ನು ಹಿಡಿದು ಮಾತನಾಡಲು ಅವರ ಬಳಿ ಏನೂ ಇರುವುದಿಲ್ಲ. ಫೆಬ್ರವರಿಯಲ್ಲಿಯೇ ಕೈಸೇರಿದ ದಿನಾಂಕಸಹಿತವಾದ ಪತ್ರವೂ, ಅದರಂತೆ ಮಾರ್ಚಿನಲ್ಲಿ ಬಂದ ಅಧ್ಯಾಯವೂ ಇದ್ದರೆ, ಅವರ ಮಾತಿಗೆ ಆಧಾರವಿರುವುದು.

ಪತ್ರದ ಕೊನೆಗೆ ಮುಂದಿನ ಮಂಗಳವಾರದ ಭೇಟಿಗೆ ತಪ್ಪದೆ ಬರುವುದಾಗಿಯೂ, ಅಂದು ಬರೆದಿಳಿಸಿದ 4 ಗಂಟೆಯ ಪಾಠವನ್ನು ತರುವುದಾಗಿಯೂ ತಿಳಿಸಿ ಸಹಿ ಹಾಕಿದರೆ ಸಾಕು. ಉತ್ತರ ಬಾರದಿದ್ದರೆ ಕೋಪವೆಂದು ಊಹಿಸಿಕೊಳ್ಳಬೇಕಾಗಿಲ್ಲ. ಪರೀಕ್ಷೆಯ ಪತ್ರಿಕೆಗಳ ನಡುವೆ ಅದು ಕೆಳಕ್ಕೆ ಸರಿದಿರಬಹುದು. ನಾಲ್ಕೈದು ದಿನ ಕಾದು, ಹೊಸ ಪತ್ರವನ್ನು ಬರೆಯದೆ, ಅದೇ ಪತ್ರದ ಮುಂದುವರಿಕೆಯಾಗಿ ಆ ಪ್ರಶ್ನೆಯೊಂದನ್ನೇ ಮತ್ತೆ ಕೇಳಬಹುದು. ಅಷ್ಟರಲ್ಲಿ ಐದನೆಯ ಗಂಟೆಯ ಹಾಡನ್ನು ಬರೆದಿಳಿಸಲು ತೊಡಗಿದ್ದರಾಯಿತು.