ಮೂರು ಪರದೆ, ಒಂದು ಗುಂಡಿ

ಹೊಸ ಆ್ಯಪ್ ಮೊದಲ ಸಲ ತೆರೆದಾಗ ಅದರ ಬಳಕೆಯನ್ನು ತೋರಿಸಿಕೊಡುವ ಪುಟ್ಟ ಅನಿಮೇಷನ್‌ಗೆ ಆ್ಯಪ್ ತಯಾರಕರ ಬಳಕೆಯಲ್ಲಿ ಆನ್‌ಬೋರ್ಡಿಂಗ್ ವಿಡಿಯೊ ಎಂದು ಹೆಸರು. ಮೂರು ಪರದೆಗಳಲ್ಲಿ, ಸುಮಾರು 20 ಸೆಕೆಂಡಿನಲ್ಲಿ ಮುಗಿಯುವ ವಿಡಿಯೊ ಇದಕ್ಕೆ ಒಳ್ಳೆಯ ಅಳತೆ. ಆ್ಯಪ್‌ನ ಗುಣಗಾನಕ್ಕೆ ಅದರಲ್ಲಿ ಜಾಗವಿಲ್ಲ. ನೋಡಿದವರು ಮೊದಲ ಒಂದು ಕೆಲಸವನ್ನು ತಾವಾಗಿ ಮಾಡಿ ಮುಗಿಸಿದರೆ ವಿಡಿಯೊ ಗೆದ್ದಂತೆ.

ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಇಡುವ ಒಂದು ಆ್ಯಪ್ ಇದೆ ಎಂದುಕೊಳ್ಳೋಣ. ಉದ್ರಿ ಬರೆಯುವುದು, ದಾಸ್ತಾನು ನೋಡುವುದು, ಬಿಲ್ ಮಾಡುವುದು, ಬಾಕಿದಾರರಿಗೆ ನೆನಪಿನ ಸಂದೇಶ ಕಳಿಸುವುದು, ಹೀಗೆ ಅದಕ್ಕೆ ಹಲವು ಕೆಲಸ ಬರುತ್ತದೆ. ವಿಡಿಯೊಗೆ ಆರಿಸಬೇಕಾದದ್ದು ಒಂದೇ: ಒಬ್ಬ ಗಿರಾಕಿಯ ಉದ್ರಿ ಬರೆಯುವುದು. ಒಂದು ಹೆಸರಿನ ಮುಂದೆ ಒಂದು ಮೊತ್ತ ಕೂತರೆ ಆ್ಯಪ್ ಯಾತಕ್ಕಿದೆ ಎಂಬುದು ಅಂಗಡಿಯವರಿಗೆ ಹೇಳದೆಯೇ ತಿಳಿಯುತ್ತದೆ. ಆ ಗಿರಾಕಿ ಹಣ ಕೊಡಲು ಬಂದ ದಿನ ಆ್ಯಪ್ ಮತ್ತೆ ತೆರೆಯಲು ಕಾರಣವೂ ಹುಟ್ಟುತ್ತದೆ.

ಕೆಲಸ ಗೊತ್ತಾದ ಮೇಲೆ ಚಿತ್ರಕಥೆಯನ್ನು ಕೊನೆಯಿಂದ ಹಿಂದಕ್ಕೆ ಬರೆಯುವುದು ಲೇಸು. ಮೂರನೆಯ ಪರದೆಯಲ್ಲಿ ಗಿರಾಕಿಯ ಹೆಸರು, ಅದರ ಮುಂದೆ ₹240, ಕೆಳಗೆ ‘ಉದ್ರಿ ಬರೆಯಿರಿ’ ಎಂಬ ಒಂದೇ ಗುಂಡಿ. ಅಲ್ಲಿಗೆ ತಲುಪಬೇಕಾದರೆ ಎರಡನೆಯ ಪರದೆಯಲ್ಲಿ ಒಂದು ಬೆರಳು ಅದೇ ಗುಂಡಿ ಒತ್ತಿ, ಹೆಸರು ಮತ್ತು 240 ತುಂಬಿ, ಉಳಿಸಬೇಕು. ಮೊದಲನೆಯದರಲ್ಲಿ ಅಂಚು ಹರಿದ ಉದ್ರಿ ಪುಸ್ತಕ. ಅದರ ಸಾಲಿನಿಂದ 240 ಎಂಬ ಅಂಕಿ ಎದ್ದು ಫೋನಿನೊಳಗೆ ಬಂದು ಕೂರುತ್ತದೆ. ಒಂದೇ ಮೊತ್ತ ಮೂರೂ ಪರದೆಗಳಲ್ಲಿ ಸಾಗುವುದರಿಂದ ಮಾತಿಲ್ಲದೆಯೂ ಕಥೆ ಅರ್ಥವಾಗುತ್ತದೆ. ಅಂಗಡಿಯ ಗದ್ದಲದಲ್ಲಿ ಫೋನಿನ ಧ್ವನಿ ಕೇಳಿಸುವುದೇ ಕಷ್ಟವಾದ್ದರಿಂದ ಇದು ಅಗತ್ಯ ಕೂಡ.

ಕಣ್ಣು ಚಲಿಸುವ ವಸ್ತುವಿನ ಹಿಂದೆ ಹೋಗುತ್ತದೆ. ಆದ್ದರಿಂದ ಒಂದು ಹೊತ್ತಿಗೆ ಒಂದೇ ವಸ್ತು ಚಲಿಸಬೇಕು; ಓದಬೇಕಾದ ಅಕ್ಷರ ಓದಿ ಮುಗಿಯುವವರೆಗೆ ಅಲುಗಬಾರದು. ಬೆರಳು ಗುಂಡಿಯ ಮೇಲೆ ಬಂದು ಅರೆ ಸೆಕೆಂಡು ನಿಂತು ಆಮೇಲೆ ಒತ್ತಿದರೆ, ಏನೋ ಆಗಲಿದೆ ಎಂದು ನೋಡುವವರ ಮನಸ್ಸು ಸಿದ್ಧವಾಗುತ್ತದೆ. ಡಿಸ್ನಿ ಕಲಾವಿದರು ಕೈಯಲ್ಲಿ ಚಿತ್ರ ಬರೆಯುತ್ತಿದ್ದ ಕಾಲದಲ್ಲೇ ರೂಢಿಸಿಕೊಂಡ ತಂತ್ರ ಇದು.

ಕನ್ನಡಕ್ಕೆ ಪ್ರತ್ಯೇಕ ಎಚ್ಚರ ಬೇಕು. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ‘ಮೊತ್ತ’ದ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಅನಿಮೇಷನ್ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಅಕ್ಷರ ಜೋಡಣೆಯನ್ನು ಆರಿಸದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಬೀಳುವುದೂ ಉಂಟು. ಇಂಗ್ಲಿಷ್ ಮಾತ್ರ ಬಲ್ಲ ತಯಾರಕರ ಕಣ್ಣಿಗೆ ಈ ತಪ್ಪು ಬೀಳುವುದಿಲ್ಲ. ಕನ್ನಡ ಓದುವ ಒಬ್ಬರು ಸಣ್ಣ ಫೋನಿನಲ್ಲಿ ಪ್ರತಿ ಪರದೆಯನ್ನೂ ನೋಡಲೇಬೇಕು.

ಹೆಚ್ಚು ಎಡವುವ ಜಾಗ ಕೊನೆಯ ಕ್ಷಣ. ವಿಡಿಯೊದಲ್ಲಿರುವ ಗುಂಡಿ ಬರಿಯ ಚಿತ್ರ. ನೋಡುವವರು ಅದನ್ನೇ ಒತ್ತುತ್ತಾರೆ, ಏನೂ ಆಗುವುದಿಲ್ಲ, ಫೋನ್ ಕೆಟ್ಟಿತೆಂದು ಆ್ಯಪ್ ಮುಚ್ಚುತ್ತಾರೆ. ವಿಡಿಯೊ ಮುಗಿದ ಮೇಲೆ ನಿಜವಾದ ಗುಂಡಿ ಬೇರೆ ಕಡೆ, ಬೇರೆ ಬಣ್ಣದಲ್ಲಿ ಬಂದರೆ ಕಲಿತದ್ದೆಲ್ಲ ವ್ಯರ್ಥ. ಫೋನುಗಳ ಉದ್ದ ಅಗಲ ಒಂದೇ ಅಲ್ಲವಾದ್ದರಿಂದ ಚಿತ್ರದ ಗುಂಡಿಯನ್ನು ನಿಜವಾದದ್ದರ ಜಾಗಕ್ಕೆ ಕರಾರುವಾಕ್ಕಾಗಿ ಕೂರಿಸುವುದೂ ಆಗದು. ಪರಿಹಾರ ಸರಳ: ಮೂರನೆಯ ಪರದೆಯ ಗುಂಡಿಯನ್ನು ಅನಿಮೇಷನ್ನಿನಲ್ಲಿ ಬರೆಯದೆ, ಆ್ಯಪ್‌ನ ಅಸಲಿ ಗುಂಡಿಯನ್ನೇ ಅದರ ಮೇಲೆ ಇಡುವುದು. ಅನಿಮೇಷನ್ ಹಿನ್ನೆಲೆಯಲ್ಲಿ ಕರಗುತ್ತದೆ, ಗುಂಡಿ ನಿಂತಲ್ಲೇ ಉಳಿಯುತ್ತದೆ.

ಇದಕ್ಕೆ ಲಾಟಿ ಎಂಬ ಬಗೆಯ ಕಡತ ಅನುಕೂಲ. ಏರ್‌ಬಿಎನ್‌ಬಿ ಕಂಪನಿ 2017ರಲ್ಲಿ ಇದನ್ನು ಎಲ್ಲರ ಬಳಕೆಗೆ ಬಿಟ್ಟಿತು. ನೆರಳುಚಿತ್ರಗಳ ಜರ್ಮನ್ ಕಲಾವಿದೆ ಲಾಟೆ ರೈನಿಗರ್ ಅವರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ವಿಡಿಯೊದಂತೆ ಚಿತ್ರದ ಮೇಲೆ ಚಿತ್ರ ಪೇರಿಸದೆ, ಯಾವ ಆಕಾರ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬ ಸೂಚನೆಗಳನ್ನಷ್ಟೇ ಇದು ಬರೆದಿಡುತ್ತದೆ. ಸರಳ ರೇಖಾಚಿತ್ರಗಳಾದರೆ ಕಡತ ಚಿಕ್ಕದು, ಯಾವ ಗಾತ್ರದ ಪರದೆಯಲ್ಲೂ ಗೆರೆ ಮಸುಕಾಗದು. ಛಾಯಾಚಿತ್ರ, ಹೊಗೆ, ಬೆಂಕಿಯಂಥ ದೃಶ್ಯಗಳಿಗೆ ಮಾತ್ರ ಸಾಮಾನ್ಯ ವಿಡಿಯೊವೇ ಸರಿ. ಚಲನೆ ಕಂಡರೆ ತಲೆ ಸುತ್ತುವ ಕೆಲವರು ಫೋನಿನಲ್ಲಿ ಅನಿಮೇಷನ್ ತಗ್ಗಿಸಿಕೊಂಡಿರುತ್ತಾರೆ. ಅವರಿಗೆ ಅದೇ ಮೂರು ಪರದೆಗಳನ್ನು ಸ್ಥಿರಚಿತ್ರಗಳಾಗಿ ಕೊಡಬೇಕು. ಮುಂದೆ ಹೋಗುವ ದಾರಿ ಎಲ್ಲರಿಗೂ ಮೊದಲ ಕ್ಷಣದಿಂದಲೇ ತೆರೆದಿರಬೇಕು.

ಎಷ್ಟು ಜನ ವಿಡಿಯೊವನ್ನು ಪೂರ್ತಿ ನೋಡಿದರು ಎಂಬ ಲೆಕ್ಕ ದಾರಿ ತಪ್ಪಿಸುತ್ತದೆ. ದಾಟಿ ಹೋಗಲು ಬಾರದೆ ಕಾದವರೂ ಅದರಲ್ಲಿ ಸೇರಿರುತ್ತಾರೆ. ಎಣಿಸಬೇಕಾದದ್ದು ಮೊದಲ ಉದ್ರಿ ಬರೆದು ಉಳಿಸಿದವರನ್ನು. ಹೊಸಬರಲ್ಲಿ ಅರ್ಧ ಜನಕ್ಕೆ ವಿಡಿಯೊ ತೋರಿಸಿ, ಉಳಿದರ್ಧಕ್ಕೆ ನೇರವಾಗಿ ಗುಂಡಿಯನ್ನೇ ತೋರಿಸಿದರೆ ವಿಡಿಯೊದಿಂದ ಆದ ಲಾಭ ಸ್ಪಷ್ಟವಾಗುತ್ತದೆ. ಎರಡೂ ಗುಂಪಿನ ಫಲ ಒಂದೇ ಆಗಿದ್ದರೆ ವಿಡಿಯೊ ತೆಗೆದುಹಾಕುವುದೇ ಸರಿ. ಬಹಳ ಜನ ಗುಂಡಿ ಒತ್ತಿಯೂ ಉದ್ರಿ ಉಳಿಸದೆ ಹೋಗಿದ್ದರೆ ದೋಷ ವಿಡಿಯೊದಲ್ಲಿಲ್ಲ. ಗುಂಡಿ ಒತ್ತಿದೊಡನೆ ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳುವಂಥ ಅಡ್ಡಿಯೊಂದು ಅಲ್ಲಿ ಇರುವ ಸಾಧ್ಯತೆ ಹೆಚ್ಚು.