ಮಹಿಳಾ ಸ್ವಸಹಾಯ ಸಂಘಗಳಲ್ಲಿ ವರ್ಷಾಂತ್ಯದ ಬಡ್ಡಿಯ ಹಂಚಿಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಗ್ರಾಮಗಳಲ್ಲಿ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು ಈಗ ಸರ್ವಸಾಮಾನ್ಯವಾಗಿವೆ. ಇಂಥ ಸಂಘಗಳಿಗೆ ಬ್ಯಾಂಕುಗಳಿಂದ ಸಾಲ ಕೊಡಿಸುವ ಪ್ರಯೋಗವನ್ನು ನಬಾರ್ಡ್ ಸಂಸ್ಥೆಯು ೧೯೯೨ರಲ್ಲಿ ಆರಂಭಿಸಿತು. ಕರ್ನಾಟಕ ಸರಕಾರದ ಸ್ತ್ರೀಶಕ್ತಿ ಯೋಜನೆಯು ೨೦೦೦-೦೧ರಲ್ಲಿ ಜಾರಿಗೆ ಬಂದಿತು. ಸದಸ್ಯೆಯರು ಕೂಡಿಸಿದ ಹಣವನ್ನು ತಮ್ಮತಮ್ಮಲ್ಲಿಯೇ ಸಾಲವಾಗಿ ಕೊಟ್ಟುಕೊಳ್ಳುವುದರಿಂದ ಬಡ್ಡಿಯೂ ಸಂಘದಲ್ಲಿಯೇ ನಿಲ್ಲುತ್ತದೆ. ಆ ಬಡ್ಡಿಯಲ್ಲಿ ಯಾರ ಪಾಲೆಷ್ಟೆಂಬ ಪ್ರಶ್ನೆಯು ಮಾರ್ಚಿ ತಿಂಗಳ ಕೊನೆಗೆ ಏಳುವುದು. ತಂಟೆ ಬಿದ್ದರೆ ಲೆಕ್ಕದ ಪುಸ್ತಕವು ಊರ ಗೌಡರ ಕಟ್ಟೆಗೆ ಬರುವುದುಂಟಾದ್ದರಿಂದ, ಹಿರಿಯರು ಇದರ ಕ್ರಮವನ್ನು ತಿಳಿದಿರುವುದು ಅವಶ್ಯ.

ಮೊದಲು ಹಂಚತಕ್ಕ ಮೊಬಲಗನ್ನು ಗೊತ್ತುಮಾಡಬೇಕು. ನೂರಕ್ಕೆ ತಿಂಗಳಿಗೆ ೨ ರೂಪಾಯಿಯಂತೆ ಸಾಲ ಕೊಟ್ಟ ಒಂದು ಸಂಘದ ಮೊದಲ ವರ್ಷದ ಲೆಕ್ಕವನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳೋಣ. ಪುಸ್ತಕದಲ್ಲಿ ಬಡ್ಡಿಯೆಂದು ಬರೆದದ್ದು ೧೯೫೦ ರೂಪಾಯಿ. ಇದರಲ್ಲಿ ೧೨೦ ರೂಪಾಯಿ ಇನ್ನೂ ಬಾಕಿ. ಬಾಕಿಯನ್ನು ಹಂಚಿದರೆ ಅದು ಬಡ್ಡಿಯಾಗದೆ ಸದಸ್ಯೆಯರ ಅಸಲನ್ನೇ ಹಂಚಿದಂತಾಗುವುದು. ಆದುದರಿಂದ ಕೈಸೇರಿದ ೧೮೩೦ ರೂಪಾಯಿಯನ್ನು ಮಾತ್ರ ಹಿಡಿದು, ಪುಸ್ತಕ ಹಾಗೂ ಪ್ರಯಾಣದ ಖರ್ಚು ೨೬೮ ರೂಪಾಯಿ ೫೦ ಪೈಸೆಯನ್ನು ಕಳೆಯಲು ೧೫೬೧ ರೂಪಾಯಿ ೫೦ ಪೈಸೆ ಉಳಿಯುವುದು. ಬ್ಯಾಂಕಿನ ಸಾಲವಿದ್ದ ಸಂಘವು ಬ್ಯಾಂಕಿಗೆ ತೆತ್ತ ಬಡ್ಡಿಯನ್ನೂ ಇಲ್ಲಿಯೇ ಕಳೆಯತಕ್ಕದ್ದು. ಸರಕಾರದಿಂದ ಬಂದ ಸುತ್ತುನಿಧಿಯು ಆದಾಯವಲ್ಲ. ಅದನ್ನು ಈ ಲೆಕ್ಕಕ್ಕೆ ಸೇರಿಸಕೂಡದು.

ಈ ಸಂಘದಲ್ಲಿ ೧೫ ಮಂದಿಯಿದ್ದು, ಪ್ರತಿ ತಿಂಗಳ ಮೊದಲ ಸಭೆಯಲ್ಲಿ ತಲೆಗೆ ೧೦೦ ರೂಪಾಯಿ ಕಟ್ಟುವ ನಿಯಮವಿದೆ. ಹನ್ನೆರಡು ಮಂದಿ ಏಪ್ರಿಲಿನಿಂದ ತಪ್ಪದೆ ಕಟ್ಟಿದರು. ಇಬ್ಬರು ಅಕ್ಟೋಬರಿನಲ್ಲಿ ಸೇರಿದರು. ಇನ್ನೊಬ್ಬಳು ಮುಂಗಾರು ಕೈಕೊಟ್ಟುದರಿಂದ ಗುಳೆ ಹೋಗಿ, ಆಗಸ್ಟಿನಿಂದ ಡಿಸೆಂಬರಿನವರೆಗೆ ಕಟ್ಟಲಾರದೆ, ಜನವರಿಯ ಸಭೆಯಲ್ಲಿ ಹಿಂದಿನ ೫೦೦ ರೂಪಾಯಿಯನ್ನೂ ಕೂಡಿಸಿ ೬೦೦ ರೂಪಾಯಿ ಕಟ್ಟಿದಳು. ಎರೆಹೊಲ, ಮಸಾರಿಗಳನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆಗೆ ಇಂಥ ಪ್ರಸಂಗವು ಅಪೂರ್ವವಲ್ಲ.

ಹಣವು ಎಷ್ಟು, ಎಷ್ಟು ಕಾಲ ಸಂಘದಲ್ಲಿ ದುಡಿಯಿತು ಎಂಬೆರಡನ್ನೂ ಕೂಡಿ ನೋಡಬೇಕು. ಏಪ್ರಿಲಿನ ೧೦೦ ರೂಪಾಯಿ ೧೨ ತಿಂಗಳು ದುಡಿಯಿತು. ಮಾರ್ಚಿಯದು ಒಂದೇ ತಿಂಗಳು. ಪ್ರತಿ ಕಂತನ್ನೂ ಅದು ದುಡಿದ ತಿಂಗಳುಗಳಿಂದ ಗುಣಿಸಿ ಕೂಡಿಸಿದ ಮೊತ್ತವನ್ನು ಗುಣಲಬ್ಧವೆನ್ನುವರು. ತಪ್ಪದೆ ಕಟ್ಟಿದವಳಿಗೆ ೧೨ರಿಂದ ೧ರವರೆಗಿನ ಮೊತ್ತ ೭೮ ಆಗುವುದರಿಂದ ಗುಣಲಬ್ಧ ೭೮೦೦. ಅಕ್ಟೋಬರಿನಲ್ಲಿ ಸೇರಿದವಳಿಗೆ ೬ರಿಂದ ೧ರವರೆಗೆ ೨೧ ಆಗಿ ೨೧೦೦. ಗುಳೆ ಹೋದವಳ ಮೊದಲ ನಾಲ್ಕು ಕಂತುಗಳಿಂದ ೪೨೦೦, ಜನವರಿಯ ೬೦೦ ರೂಪಾಯಿ ಮೂರು ತಿಂಗಳು ದುಡಿದುದರಿಂದ ೧೮೦೦, ಕೊನೆಯ ಎರಡು ಕಂತುಗಳಿಂದ ೩೦೦, ಒಟ್ಟು ೬೩೦೦. ಹದಿನೈದು ಮಂದಿಯದೂ ಕೂಡಿ ೧,೦೪,೧೦೦ ಆಗುವುದು.

ಇದರಿಂದ ೧೫೬೧ ರೂಪಾಯಿ ೫೦ ಪೈಸೆಯನ್ನು ಭಾಗಿಸಿದರೆ ಗುಣಲಬ್ಧದ ಪ್ರತಿ ನೂರಕ್ಕೆ ಒಂದೂವರೆ ರೂಪಾಯಿ ಬೀಳುವುದು. ತಪ್ಪದೆ ಕಟ್ಟಿದವಳಿಗೆ ೧೧೭ ರೂಪಾಯಿ, ತಡವಾಗಿ ಸೇರಿದವಳಿಗೆ ೩೧ ರೂಪಾಯಿ ೫೦ ಪೈಸೆ, ಗುಳೆ ಹೋಗಿ ಬಂದವಳಿಗೆ ೯೪ ರೂಪಾಯಿ ೫೦ ಪೈಸೆ ಸಲ್ಲತಕ್ಕದ್ದು.

ಸಮಪಾಲು ಮಾಡಿದ್ದರೆ ಪ್ರತಿಯೊಬ್ಬಳಿಗೂ ೧೦೪ ರೂಪಾಯಿ ೧೦ ಪೈಸೆ ಬರುತ್ತಿತ್ತು. ತಡವಾಗಿ ಸೇರಿದವಳು ೭೨ ರೂಪಾಯಿ ೬೦ ಪೈಸೆಯನ್ನು ಹೆಚ್ಚಾಗಿ ಪಡೆಯುತ್ತಿದ್ದಳು. ಎಲ್ಲರೂ ಒಂದೇ ದಿನ ಸೇರಿ, ಒಂದೇ ಮೊತ್ತವನ್ನು ಹೊತ್ತಿಗೆ ಸರಿಯಾಗಿ ಕಟ್ಟಿದಲ್ಲಿ ಮಾತ್ರ ಸಮಪಾಲು ನ್ಯಾಯವಾದುದು. ವರ್ಷಾಂತ್ಯದ ಉಳಿತಾಯವನ್ನಷ್ಟೇ ನೋಡಿ ಹಂಚುವ ರೂಢಿಯಲ್ಲಿ ಗುಳೆ ಹೋದವಳಿಗೂ ತಪ್ಪದೆ ಕಟ್ಟಿದವಳಿಗೂ ೧೨೦೦ ರೂಪಾಯಿಯೇ ಇರುವುದರಿಂದ ಇಬ್ಬರಿಗೂ ಒಂದೇ ಪಾಲು ಬೀಳುವುದು. ಐದು ತಿಂಗಳ ಅಂತರವು ಅಲ್ಲಿ ಕಾಣುವುದೇ ಇಲ್ಲ. ಆಕೆಯ ಕಷ್ಟವನ್ನರಿತು ಹೆಚ್ಚು ಕೊಡಬೇಕೆಂದರೆ ಅದನ್ನು ಸಭೆಯ ಠರಾವಿನಿಂದ ಬಹಿರಂಗವಾಗಿ ಕೊಡುವುದು ಲೇಸು, ಲೆಕ್ಕದಲ್ಲಿ ಅಡಗಿಸುವುದಲ್ಲ.

ಲೆಕ್ಕವು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಸುಲಭವಾದ ಉಪಾಯವುಂಟು. ಪ್ರತಿ ತಿಂಗಳ ಸಭೆಯ ಕೊನೆಗೆ ಸಂಘದ ಒಟ್ಟು ಉಳಿತಾಯವೆಷ್ಟಿತ್ತೆಂಬುದನ್ನು ಹನ್ನೆರಡು ತಿಂಗಳಿಗೂ ಬರೆದು ಕೂಡಿಸಿದರೆ ಆ ಮೊತ್ತವೂ ೧,೦೪,೧೦೦ ಆಗಬೇಕು. ಆಗದಿದ್ದರೆ ಯಾರದೋ ಕಂತು ಬೇರೆ ತಿಂಗಳಿನಲ್ಲಿ ಬರೆಯಲ್ಪಟ್ಟಿದೆ. ಅಥವಾ ಕಟ್ಟದ ಕಂತನ್ನು ಕಟ್ಟಿದಂತೆ ತೋರಿಸಲಾಗಿದೆ. ಸದಸ್ಯೆಯರ ಪಾಸುಪುಸ್ತಕಗಳನ್ನು ಸಂಘದ ಪುಸ್ತಕದೊಡನೆ ತಾಳೆ ನೋಡಿದರೆ ತಪ್ಪು ಹೊರಬೀಳುವುದು.

ಎರಡನೆಯ ವರ್ಷದಿಂದ ಹಿಂದಿನ ಶಿಲ್ಕನ್ನು ೧೨ರಿಂದ ಗುಣಿಸಿ ಮೊದಲು ಸೇರಿಸಿಕೊಳ್ಳಬೇಕು. ನಡುವೆ ಹಿಂತೆಗೆದ ಹಣಕ್ಕೆ ಉಳಿದ ತಿಂಗಳುಗಳ ಗುಣಲಬ್ಧವನ್ನು ಕಳೆಯಬೇಕು. ಪಾಲನ್ನು ರೊಕ್ಕವಾಗಿ ಕೊಡದೆ ಸದಸ್ಯೆಯ ಉಳಿತಾಯಕ್ಕೆ ಜಮಾ ಮಾಡಿದಲ್ಲಿ, ಬರುವ ಏಪ್ರಿಲಿನಿಂದ ಅದೂ ದುಡಿಯತೊಡಗುವುದು. ಸಂಘದ ಸಾಲದ ಬಂಡವಾಳವೂ ಕುಂದದು. ಬಾಕಿಯಿರುವ ೧೨೦ ರೂಪಾಯಿ ಮುಂದಿನ ವರ್ಷ ವಸೂಲಾದರೆ ಆ ವರ್ಷದ ಬಡ್ಡಿಗೆ ಸೇರತಕ್ಕದ್ದು.