ಬಾಗಿಲ ಹಿಂದೆ ನಿಲ್ಲುವ ಮಗುವಿಗೆ ತಿಂಗಳುಗಟ್ಟಲೆ ಔಷಧ ಏಕೆ?

ಎರಡೂವರೆ ವರ್ಷದ ಮಗುವೊಂದು ಬಾಗಿಲ ಹಿಂದೆ ಹೋಗಿ, ತುದಿಗಾಲಲ್ಲಿ ನಿಂತು, ಕಾಲು ಕತ್ತರಿ ಹಾಕಿ, ಮುಖ ಕೆಂಪಗೆ ಮಾಡಿಕೊಳ್ಳುತ್ತದೆ. ಕಕ್ಕ ಮಾಡಲು ತಿಣುಕುತ್ತಿದೆ ಎಂದು ಮನೆಯವರು ಮರುಗುತ್ತಾರೆ. ನಿಜದಲ್ಲಿ ಅದು ಬರುತ್ತಿರುವ ಕಕ್ಕವನ್ನು ತಡೆಹಿಡಿಯುತ್ತಿದೆ. ಹಿಂದೊಮ್ಮೆ ಗಟ್ಟಿ ಮಲ ಹೊರಬರುವಾಗ ಆದ ನೋವು ಅದಕ್ಕೆ ಮರೆತಿಲ್ಲ.

ತಡೆದಷ್ಟೂ ಕರುಳು ಮಲದ ನೀರನ್ನು ಹೀರುತ್ತದೆ, ಮಲ ಇನ್ನಷ್ಟು ಗಟ್ಟಿಯಾಗುತ್ತದೆ, ಮುಂದಿನ ಸಲ ನೋವು ಹೆಚ್ಚುತ್ತದೆ. ತುಂಬಿಕೊಂಡ ಮಲಾಶಯ ಹಿಗ್ಗಿ ಸಡಿಲವಾಗುತ್ತದೆ; ‘ಹೋಗಬೇಕು’ ಎಂಬ ಸೂಚನೆಯೇ ಮಂಕಾಗುತ್ತದೆ. ಕೊನೆಗೆ ಗಟ್ಟಿ ಮುದ್ದೆಯ ಪಕ್ಕದಿಂದ ತೆಳು ಮಲ ಜಿನುಗಿ ಚಡ್ಡಿ ಕೊಳೆಯಾಗುತ್ತದೆ. ಇದನ್ನು ಭೇದಿಯೆಂದು ತಿಳಿದು ಔಷಧ ನಿಲ್ಲಿಸುವುದು ನಾನು ಪದೇಪದೇ ಕಂಡ ತಪ್ಪು.

ಇಲ್ಲಿ ವೈದ್ಯರು ಬರೆಯುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗಿಡುತ್ತದೆ, ಅಷ್ಟೇ. ಕರುಳನ್ನು ಕೆರಳಿಸುವುದಿಲ್ಲ, ಹಾಗಾಗಿ ಕರುಳಿಗೆ ಅದರ ಚಟ ಹತ್ತುವುದಿಲ್ಲ. ಅಣು ದೊಡ್ಡದಾದ್ದರಿಂದ ಅತ್ಯಲ್ಪ ಬಿಟ್ಟರೆ ರಕ್ತಕ್ಕೆ ಸೇರುವುದೂ ಇಲ್ಲ. ಹೆಸರು ಕೇಳಿದವರಿಗೆ ಕಾರಿನ ರೇಡಿಯೇಟರಿಗೆ ಹಾಕುವ ವಿಷಕಾರಿ ಎಥಿಲೀನ್ ಗ್ಲೈಕಾಲ್ ನೆನಪಾಗುತ್ತದೆ. ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕಾಗಿಯೇ ಅಮೆರಿಕದಲ್ಲಿ ಈ ಪುಡಿ ಸೇವಿಸುತ್ತಿದ್ದ ಮಕ್ಕಳ ರಕ್ತ ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಆ ಸಣ್ಣ ಅಧ್ಯಯನದಲ್ಲಿ ಇಂಥ ಗ್ಲೈಕಾಲ್‌ಗಳು ಏರಿ ನಿಂತದ್ದು ಕಾಣಲಿಲ್ಲ. ಸಾಮಾನ್ಯ ತೊಂದರೆಗಳೆಂದರೆ ಹೊಟ್ಟೆಯುಬ್ಬರ, ತೆಳು ಭೇದಿ. ಪ್ರಮಾಣ ಇಳಿಸಿದರೆ ಅವೂ ತಗ್ಗುತ್ತವೆ.

ಮಗು 12 ಕಿಲೋ ಇದೆ ಎನ್ನೋಣ. ಮೊದಲು ಕಟ್ಟಿಕೊಂಡದ್ದು ಹೋಗಬೇಕು: ಕಿಲೋಗೆ 1ರಿಂದ 1.5 ಗ್ರಾಂ, ಅಂದರೆ ದಿನಕ್ಕೆ 12ರಿಂದ 18 ಗ್ರಾಂ, ಮೂರರಿಂದ ಆರು ದಿನ. ಆಮೇಲೆ ಕಿಲೋಗೆ 0.4 ಗ್ರಾಂ ಲೆಕ್ಕದಲ್ಲಿ ದಿನಕ್ಕೆ ಸುಮಾರು 5 ಗ್ರಾಂನಿಂದ ಶುರು. ದಿನಕ್ಕೊಮ್ಮೆ ಕಳಿತ ಬಾಳೆಹಣ್ಣಿನಷ್ಟು ಮೆತ್ತಗೆ ಹೋಗುವಂತೆ ವೈದ್ಯರು ಅದನ್ನು ಏರಿಸಿ ಇಳಿಸುತ್ತಾರೆ. ಪುಡಿಯನ್ನು ಪೊಟ್ಟಣದಲ್ಲಿ ಹೇಳಿದಷ್ಟು ನೀರಿನಲ್ಲೇ ಕರಗಿಸಬೇಕು. ಹುಟ್ಟಿದಾಗಿನಿಂದಲೇ ಮಲಬದ್ಧತೆ, ಹೊಟ್ಟೆ ಉಬ್ಬಿ ವಾಂತಿ, ತೂಕ ಏರದಿರುವುದು ಇದ್ದರೆ ಪುಡಿಗಿಂತ ಮೊದಲು ಕಾರಣ ಹುಡುಕಬೇಕು.

ಮಲ ಒಂದೇ ವಾರದಲ್ಲಿ ಮೆತ್ತಗಾಗುತ್ತದೆ. ಹಿಗ್ಗಿದ ಮಲಾಶಯ ಮೊದಲಿನಂತಾಗಲು, ನೋವಿನ ನೆನಪು ಮಾಸಲು ತಿಂಗಳುಗಳೇ ಬೇಕು. ಆದ್ದರಿಂದ ಕನಿಷ್ಠ ಎರಡು ತಿಂಗಳು ಔಷಧ ಕೊಟ್ಟು, ತೊಂದರೆಯೇ ಇಲ್ಲದೆ ಒಂದು ತಿಂಗಳಾದರೂ ಕಳೆದ ಮೇಲೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಕಕ್ಕಸಿನ ಅಭ್ಯಾಸ ಮಾಡಿಸುತ್ತಿರುವ ಹೊತ್ತಾದರೆ ಅದು ಮುಗಿಯುವವರೆಗೂ ಮುಂದುವರಿಸುವುದು ಒಳ್ಳೆಯದು. ಇಳಿಸುವಾಗ ಮಗು ಮತ್ತೆ ಬಾಗಿಲ ಹಿಂದೆ ಹೋಗಿ ಕಾಲು ಕತ್ತರಿ ಹಾಕಿದರೆ, ಗಟ್ಟಿಯಾಗುವವರೆಗೆ ಕಾಯದೆ ವೈದ್ಯರಿಗೆ ತಿಳಿಸಿ ಹಿಂದಿನ ಪ್ರಮಾಣಕ್ಕೇ ಮರಳಬೇಕು.